ಟಿವಿ ವಿಡಿಯೋದಲ್ಲಿ ಚೆಂಡಿನ ಹಾದಿ: ವೇಗ, ಸ್ವಿಂಗ್, ಪುಟಿತ ಅಳೆಯೋದು ಹೇಗೆ?



ಕ್ರಿಕೆಟ್ ಪಂದ್ಯ ನೋಡುವಾಗ ವೇಗದ ಬೌಲರ್ ಒಂದು ಎಸೆತ ಹಾಕಿದ ಕೂಡಲೇ ಟಿವಿಯ ಮೂಲೆಯಲ್ಲಿ ಅದರ ವೇಗ ಬರ್ತದೆ. ಆ ಅಂಕಿಯನ್ನು ಕೊಡುವುದು ಸಾಮಾನ್ಯವಾಗಿ ರಾಡಾರ್ ಅಥವಾ ಮೈದಾನದ ಸುತ್ತ ಇಟ್ಟ ವಿಶೇಷ ಕ್ಯಾಮೆರಾಗಳು. ಆದರೆ ಸೋಲಾಪುರದ ಪಾರ್ಕ್ ಮೈದಾನದಲ್ಲಿ, ಅಂದರೆ ಇಂದಿರಾ ಗಾಂಧಿ ಸ್ಟೇಡಿಯಂನಲ್ಲಿ, ಆಡುವ ಎಷ್ಟೋ ಪಂದ್ಯಗಳಿಗೆ ಅಂಥ ಯಂತ್ರ ಇರೋದಿಲ್ಲ. ಹಳೆಯ ಪಂದ್ಯಗಳ ವಿಡಿಯೋಗಳಲ್ಲೂ ವೇಗ ಬರೆದಿರೋದಿಲ್ಲ. ಹಾಗಾದರೆ ಬರೀ ವಿಡಿಯೋ, ಕಾಗದ, ಪೆನ್ಸಿಲ್ ಇಟ್ಟುಕೊಂಡು ಚೆಂಡಿನ ವೇಗ, ಅದು ಗಾಳಿಯಲ್ಲಿ ಬಾಗಿದ ಅಳತೆ, ಪುಟಿದ ಎತ್ತರ ಇವನ್ನು ಕಂಡುಹಿಡಿಯಬಹುದೇ? ಬಹುದು. ಒಂಬತ್ತನೇ ತರಗತಿಯ ಸಮರೂಪ ತ್ರಿಭುಜ ಮತ್ತು ಸರಾಸರಿ ವೇಗ ಗೊತ್ತಿದ್ದರೆ ಸಾಕು. ಜೊತೆಗೆ ನಮ್ಮ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು ಅನ್ನೋದನ್ನೂ ಲೆಕ್ಕದಿಂದಲೇ ತಿಳಿಯಬಹುದು. ಈ ಪಾಠದಲ್ಲಿ ಒಂದೇ ಒಂದು ಎಸೆತವನ್ನು ತೆಗೆದುಕೊಂಡು ಕೊನೆಯವರೆಗೆ ಬಿಡಿಸೋಣ.

ಒಂದು ಕಣ್ಣಿನ ಕ್ಯಾಮೆರಾ

ಒಂದು ಕಣ್ಣು ಮುಚ್ಚಿಕೊಂಡು ಎರಡು ಪೆನ್ಸಿಲ್‌ಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡ್ರಿ. ಎಡ-ಬಲ ಸರಿಯಾಗಿ ಸಿಗ್ತದೆ, ಹಿಂದೆ-ಮುಂದೆ ತಪ್ಪುತ್ತದೆ. ಟಿವಿಯ ಮುಖ್ಯ ಕ್ಯಾಮೆರಾದ ಕಷ್ಟವೂ ಇದೇ. ಅದು ಬೌಲರ್‌ನ ಬೆನ್ನ ಹಿಂದೆ, ಬೌಂಡರಿಯ ಆಚೆ, ಎತ್ತರದಲ್ಲಿ ಇರ್ತದೆ. ಚೆಂಡು ಎಡಕ್ಕೆ ಸರಿಯಿತೋ ಬಲಕ್ಕೆ ಸರಿಯಿತೋ ಅನ್ನೋದು ಅದಕ್ಕೆ ಚೆನ್ನಾಗಿ ಕಾಣ್ತದೆ. ಚೆಂಡು ತನ್ನಿಂದ ಎಷ್ಟು ದೂರ ಹೋಗಿದೆ ಅನ್ನೋದು ಕಾಣೋದಿಲ್ಲ.

ದೂರ ಹೋದಂತೆ ಚೆಂಡು ಚಿಕ್ಕದಾಗಿ ಕಾಣ್ತದಲ್ಲ, ಅದನ್ನೇ ಅಳೆದರೆ ಆಗದೇ ಅಂತ ನೀವು ಕೇಳಬಹುದು. ಚೆಂಡಿನ ವ್ಯಾಸ ಸುಮಾರು 7.2 ಸೆಂ.ಮೀ. ನಾವು ಮುಂದೆ ಬಿಡಿಸುವ ವಿಡಿಯೋದಲ್ಲಿ ಅದು ಬೌಲರ್ ತುದಿಯಲ್ಲಿ ಸುಮಾರು 8 ಪಿಕ್ಸೆಲ್, ಬ್ಯಾಟರ್ ತುದಿಯಲ್ಲಿ ಆರೂವರೆ ಪಿಕ್ಸೆಲ್ ಕಾಣ್ತದೆ. ಇಡೀ 20 ಮೀಟರ್ ಪ್ರಯಾಣಕ್ಕೆ ವ್ಯತ್ಯಾಸ ಒಂದೂವರೆ ಪಿಕ್ಸೆಲ್ ಮಾತ್ರ! ಅಳೆಯುವಾಗ ಒಂದು ಪಿಕ್ಸೆಲ್ ತಪ್ಪಿದರೆ ದೂರ ಹತ್ತು ಮೀಟರ್‌ಗಿಂತ ಹೆಚ್ಚು ತಪ್ಪುತ್ತದೆ. ಆದ್ದರಿಂದ ಆ ದಾರಿ ಮುಚ್ಚಿದೆ.

ಹಾಗಾದರೆ ಚೆಂಡು ಎಲ್ಲಿದೆ ಅಂತ ಖಚಿತವಾಗಿ ಯಾವಾಗ ಗೊತ್ತಾಗ್ತದೆ? ಚೆಂಡು ಯಾವುದಾದರೂ ವಸ್ತುವನ್ನು ಮುಟ್ಟಿದಾಗ ಮಾತ್ರ. ಬೌಲರ್‌ನ ಕೈ ಬಿಡುವಾಗ ಗೊತ್ತು, ನೆಲಕ್ಕೆ ಟಪ್ಪಾ ಬೀಳುವಾಗ ಗೊತ್ತು, ಸ್ಟಂಪಿಗೋ ಪ್ಯಾಡಿಗೋ ತಾಗಿದಾಗ ಗೊತ್ತು. ಈ ಪಾಠದ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಈ ಮೂರು ಜಾಗಗಳ ನಡುವಿನ ಲೆಕ್ಕ.

ಮೊದಲು ವಿಡಿಯೋದ ಪರೀಕ್ಷೆ

ಭಾರತದಲ್ಲಿ ಟಿವಿ ಪ್ರಸಾರದ ವಿಡಿಯೋದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ ಫ್ರೇಮ್‌ಗಳು ಇರ್ತವೆ. ಒಂದರಿಂದ ಇನ್ನೊಂದಕ್ಕೆ 0.04 ಸೆಕೆಂಡ್. ಕಂಪ್ಯೂಟರಿನಲ್ಲಿ VLC ತೆರೆದು `E` ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗ್ತದೆ. ಆದರೆ ಅಳೆಯುವ ಮೊದಲು ಮೂರು ಸಂಗತಿ ನೋಡಿಕೊಳ್ಳಬೇಕು.

ಒಂದು, ನಿಧಾನಗತಿಯ ಮರುಪ್ರಸಾರ ಬೇಡ. ಅದನ್ನು ಬೇರೆ ಕ್ಯಾಮೆರಾದಲ್ಲಿ ಬೇರೆ ವೇಗದಲ್ಲಿ ಚಿತ್ರಿಸಿರ್ತಾರೆ, ಫ್ರೇಮಿಗೆ ಎಷ್ಟು ಸಮಯ ಅಂತ ನಮಗೆ ಗೊತ್ತಿರೋದಿಲ್ಲ.

ಎರಡು, ವಿಡಿಯೋವನ್ನು ಯಾರಾದರೂ 25ರಿಂದ 30 ಫ್ರೇಮಿಗೆ ಬದಲಿಸಿದ್ದಾರೋ ನೋಡಿ. ಹಾಗೆ ಬದಲಿಸುವಾಗ ಐದು ಫ್ರೇಮ್‌ಗಳನ್ನು ಆರು ಮಾಡಲು ಒಂದನ್ನು ಎರಡು ಸಲ ಹಾಕಿರ್ತಾರೆ. ಗುರುತು ಸುಲಭ: ಹಾರುತ್ತಿರುವ ಚೆಂಡು ಎರಡು ಫ್ರೇಮ್‌ಗಳಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣ್ತದೆ. ಹಾರುವ ಚೆಂಡು ನಿಲ್ಲೋದುಂಟೇ? ಅಂಥ ನಕಲು ಫ್ರೇಮನ್ನು ಎಣಿಕೆಯಿಂದ ಬಿಡಬೇಕು.

ಮೂರು, ಕ್ಯಾಮೆರಾ ಅಲುಗಿದೆಯೋ, ಜೂಮ್ ಆಗಿದೆಯೋ ನೋಡಿ. ಮೊದಲ ಫ್ರೇಮಿನಲ್ಲಿ ಎರಡೂ ತುದಿಯ ಕ್ರೀಸ್ ಗೆರೆಗಳ ಜಾಗ ಬರೆದುಕೊಳ್ಳಿ, ಕೊನೆಯ ಫ್ರೇಮಿನಲ್ಲಿ ಮತ್ತೆ ಬರೆದುಕೊಳ್ಳಿ. ಎರಡೂ ಒಂದೇ ಇದ್ದರೆ ಆ ವಿಡಿಯೋ ನಮಗೆ ಬೇಕು. ಬೇರೆ ಇದ್ದರೆ ಪ್ರತಿ ಫ್ರೇಮಿಗೂ ಗೆರೆಗಳನ್ನು ಹೊಸದಾಗಿ ಅಳೆಯಬೇಕಾಗ್ತದೆ. ಎರಡೂ ತುದಿಯ ನಡು ಸ್ಟಂಪ್‌ಗಳನ್ನು ಸೇರಿಸುವ ಗೆರೆ ಪರದೆಯಲ್ಲಿ ನೆಟ್ಟಗೆ ನಿಂತಿದ್ದರೆ ಇನ್ನೂ ಒಳ್ಳೆಯದು. ಆಗ ಕ್ಯಾಮೆರಾ ಸ್ಟಂಪ್‌ಗಳ ಸರಿ ಹಿಂದೆ ಇದೆ ಅಂತ ಅರ್ಥ.

ಪಿಚ್ಚೇ ನಮ್ಮ ಅಳತೆಪಟ್ಟಿ

ಮೈದಾನಕ್ಕೆ ಟೇಪ್ ಹಿಡಿದು ಹೋಗಬೇಕಾಗಿಲ್ಲ. ನಿಯಮದ ಪ್ರಕಾರ ಎರಡು ತುದಿಯ ಸ್ಟಂಪ್‌ಗಳ ನಡುವೆ 20.12 ಮೀಟರ್. ಸ್ಟಂಪ್‌ಗಳ ಸಾಲಿನಲ್ಲಿ ಎಳೆದ ಬೌಲಿಂಗ್ ಕ್ರೀಸ್ ಗೆರೆಯ ಉದ್ದ 2.64 ಮೀಟರ್. ಅದರ ಮುಂದೆ 1.22 ಮೀಟರ್ ದೂರದಲ್ಲಿ ಪಾಪಿಂಗ್ ಕ್ರೀಸ್. ಸ್ಟಂಪಿನ ಎತ್ತರ 71.1 ಸೆಂ.ಮೀ. ಲೆಕ್ಕಕ್ಕೆ ಇಷ್ಟು ಸಾಕು.

ಈಗ ನಮ್ಮ ಉದಾಹರಣೆಯ ಎಸೆತ. ಅಂಕಿಗಳನ್ನು ಲೆಕ್ಕ ಕಲಿಯಲು ಹೊಂದಿಸಿಕೊಂಡದ್ದು, ಆದರೆ ನಿಜವಾದ ಪ್ರಸಾರದಲ್ಲಿ ಸಿಗುವಂಥವೇ. ಫ್ರೇಮಿನ ಚಿತ್ರ ತೆಗೆದು ಪೇಂಟ್‌ನಲ್ಲಿ ತೆರೆದರೆ ಕರ್ಸರ್ ಇರುವ ಜಾಗ ಪಿಕ್ಸೆಲ್‌ನಲ್ಲಿ ಕೆಳಗೆ ಬರ್ತದೆ. ಬೌಲರ್ ತುದಿಯ ಸ್ಟಂಪಿನ ಬುಡವನ್ನು ಸೊನ್ನೆ ಅಂತ ಇಟ್ಟುಕೊಂಡು ಪರದೆಯಲ್ಲಿ ಮೇಲಕ್ಕೆ ಎಣಿಸೋಣ. ಬ್ಯಾಟರ್ ತುದಿಯ ಸ್ಟಂಪಿನ ಬುಡ 360 ಪಿಕ್ಸೆಲ್ ಮೇಲೆ ಇದೆ. ಹತ್ತಿರದ ಬೌಲಿಂಗ್ ಕ್ರೀಸ್ 300 ಪಿಕ್ಸೆಲ್ ಉದ್ದ, ದೂರದ್ದು 240 ಪಿಕ್ಸೆಲ್ ಉದ್ದ ಕಾಣ್ತದೆ.

ಅಂದರೆ ಹತ್ತಿರದಲ್ಲಿ ಒಂದು ಪಿಕ್ಸೆಲ್ಲಿಗೆ 264 ÷ 300 = 0.88 ಸೆಂ.ಮೀ., ದೂರದಲ್ಲಿ 264 ÷ 240 = 1.10 ಸೆಂ.ಮೀ. ಸಮರೂಪ ತ್ರಿಭುಜದ ನಿಯಮದಂತೆ ವಸ್ತು ಕ್ಯಾಮೆರಾದಿಂದ ಎಷ್ಟು ಪಟ್ಟು ದೂರವೋ ಅಷ್ಟು ಪಟ್ಟು ಚಿಕ್ಕದಾಗಿ ಕಾಣ್ತದೆ. ಆದ್ದರಿಂದ ‘ಒಂದು ಪಿಕ್ಸೆಲ್ಲಿಗೆ ಎಷ್ಟು ಸೆಂ.ಮೀ.’ ಅನ್ನುವ ಸಂಖ್ಯೆ ದೂರದ ಜೊತೆ ಸಮನಾಗಿ ಏರ್ತಾ ಹೋಗ್ತದೆ. ಇದಕ್ಕೆ ‘ಮಾಪ’ ಅಂತ ಹೆಸರಿಡೋಣ.

ಸ್ಟಂಪಿನ ಅಗಲದ ಬದಲು ಕ್ರೀಸ್ ಗೆರೆಯನ್ನೇ ಯಾಕೆ ಅಳೆದೆವು? ಮೂರು ಸ್ಟಂಪ್ ಸೇರಿ 22.86 ಸೆಂ.ಮೀ., ಪರದೆಯಲ್ಲಿ 20–25 ಪಿಕ್ಸೆಲ್. ಅಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ನೂರಕ್ಕೆ ನಾಲ್ಕೈದು ತಪ್ಪು. 300 ಪಿಕ್ಸೆಲ್ಲಿನ ಗೆರೆಯಲ್ಲಿ ಒಂದು ತಪ್ಪಿದರೆ ನೂರಕ್ಕೆ ಮೂರನೇ ಒಂದು ಭಾಗ ಮಾತ್ರ.

ಟಪ್ಪಾ ಎಲ್ಲಿ ಬಿತ್ತು, ಯಾವಾಗ ಬಿತ್ತು?

ಚೆಂಡು ಕೈ ಬಿಟ್ಟ ಫ್ರೇಮಿಗೆ 0 ಅಂತ ಸಂಖ್ಯೆ ಕೊಟ್ಟು ಎಣಿಸಿದೆವು. ಟಪ್ಪಾ ಬೀಳುವ ಹೊತ್ತಿಗೆ ಪರದೆಯಲ್ಲಿ ಚೆಂಡಿನ ಎತ್ತರ ಹೀಗಿದೆ:

| ಫ್ರೇಮ್ | 7 | 8 | 9 | 10 | 11 |
|---|---|---|---|---|---|
| ಪಿಕ್ಸೆಲ್ | 282 | 277 | 271 | 299 | 333 |

ಒಂಬತ್ತರವರೆಗೆ ಇಳೀತಾ ಬಂದದ್ದು ಹತ್ತರಲ್ಲಿ ಏರಿದೆ. ಅಂದರೆ ಟಪ್ಪಾ ಈ ಎರಡರ ನಡುವೆ ಎಲ್ಲೋ ಬಿದ್ದಿದೆ, ಆ ಕ್ಷಣದ ಚಿತ್ರವೇ ನಮ್ಮಲ್ಲಿಲ್ಲ! ಇಲ್ಲಿ ಆಲೇಖದ ಕಾಗದ ತೆಗೆಯಿರಿ. ಇಳಿಯುವ ಬಿಂದುಗಳ ಮೇಲೆ ಒಂದು ಸರಳರೇಖೆ, ಏರುವ ಬಿಂದುಗಳ ಮೇಲೆ ಇನ್ನೊಂದು ಸರಳರೇಖೆ ಎಳೆದು ಎರಡನ್ನೂ ಮುಂದುವರಿಸಿ. ಅವು ಫ್ರೇಮ್ 9.15ರಲ್ಲಿ, 270 ಪಿಕ್ಸೆಲ್ ಎತ್ತರದಲ್ಲಿ ಸೇರ್ತವೆ. ಟಪ್ಪಾದ ಸಮಯವೂ ಜಾಗವೂ ಒಟ್ಟಿಗೇ ಸಿಕ್ಕವು.

ಟಪ್ಪಾ ನೆಲದ ಮೇಲಿನ ಬಿಂದು, ಆದ್ದರಿಂದ ಅದನ್ನು ಮೀಟರಿಗೆ ಬದಲಿಸಬಹುದು. 270 ಅಂದರೆ 360ರ ಮುಕ್ಕಾಲು ಭಾಗ. ಹಾಗಂತ ಚೆಂಡು ಪಿಚ್ಚಿನ ಮುಕ್ಕಾಲು ಉದ್ದ, 15.1 ಮೀಟರ್ ಹೋಗಿದೆ ಅಂತ ಬರೆದರೆ ತಪ್ಪು. ದೂರದ ಮೀಟರುಗಳು ಪರದೆಯಲ್ಲಿ ಒತ್ತೊತ್ತಾಗಿ ಕೂತಿರ್ತವೆ. ಸರಿಯಾದ ಹೆಜ್ಜೆಗಳು ಹೀಗೆ. ಕ್ರೀಸ್ ಗೆರೆಯನ್ನು ಟಪ್ಪಾದ ಜಾಗಕ್ಕೆ ಒಯ್ದರೆ ಎಷ್ಟು ಪಿಕ್ಸೆಲ್ ಕಂಡೀತು? ಈ ಉದ್ದ ಪರದೆಯ ಎತ್ತರದ ಜೊತೆ ಸಮನಾಗಿ ಇಳೀತದೆ: 300ರಿಂದ 240ಕ್ಕೆ ಇಳಿಯುವ ಹಾದಿಯಲ್ಲಿ ಮುಕ್ಕಾಲು ಭಾಗ, ಅಂದರೆ 255. ಆಮೇಲೆ ಮಾಪ, ಆಮೇಲೆ ದೂರ.

```
264 / 255 = 1.035
(1.035 - 0.88) / (1.10 - 0.88) = 0.705
0.705 x 20.12 = 14.2
```

ಟಪ್ಪಾ ಬೌಲರ್ ತುದಿಯ ಸ್ಟಂಪಿನಿಂದ 14.2 ಮೀಟರ್ ದೂರ, ಬ್ಯಾಟರ್‌ನ ಸ್ಟಂಪಿನಿಂದ 5.9 ಮೀಟರ್ ಮುಂದೆ. ಇದು ಗುಡ್ ಲೆಂಗ್ತ್ ಎಸೆತ. ಅವಸರದ ಉತ್ತರಕ್ಕೂ ಇದಕ್ಕೂ 90 ಸೆಂ.ಮೀ. ವ್ಯತ್ಯಾಸ ಬಂತು ನೋಡ್ರಿ.

ವೇಗ

ಬೌಲರ್‌ನ ಮುಂಗಾಲು ಪಾಪಿಂಗ್ ಕ್ರೀಸಿನ ಹತ್ತಿರ ಊರ್ತದೆ, ಕೈ ಅದಕ್ಕಿಂತ ತುಸು ಮುಂದೆ ಚೆಂಡನ್ನು ಬಿಡ್ತದೆ. ಹಾಗಾಗಿ ಚೆಂಡು ಹೊರಟದ್ದು ಸ್ಟಂಪಿನಿಂದ 1.5 ಮೀಟರ್ ಮುಂದೆ ಅಂತ ಇಟ್ಟುಕೊಳ್ಳೋಣ. ನೆಲದ ಮೇಲಿನ ದೂರ 14.2 – 1.5 = 12.7 ಮೀಟರ್. ಚೆಂಡು ಸುಮಾರು 2.1 ಮೀಟರ್ ಎತ್ತರದಿಂದ ಇಳಿದಿದೆ, ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಓರೆ ದೂರ 12.9 ಮೀಟರ್. ಸಮಯ 9.15 × 0.04 = 0.366 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 35.2 ಮೀಟರ್, 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 127 ಕಿ.ಮೀ.

ಟಿವಿಯ ಮೂಲೆಯಲ್ಲಿ ಇದೇ ಎಸೆತಕ್ಕೆ 132 ಅಂತ ಬಂದಿದ್ದರೆ? ಗಾಬರಿ ಬೇಡ. ಟಿವಿ ತೋರಿಸುವುದು ಕೈ ಬಿಟ್ಟ ಕ್ಷಣದ ವೇಗ. ನಾವು ತೆಗೆದದ್ದು ಟಪ್ಪಾದವರೆಗಿನ ಸರಾಸರಿ ವೇಗ. ಗಾಳಿಯ ತಡೆಯಿಂದ ಚೆಂಡು ಟಪ್ಪಾ ಬೀಳುವ ಹೊತ್ತಿಗೆ ನೂರಕ್ಕೆ ಸುಮಾರು ಎಂಟರಷ್ಟು ವೇಗ ಕಳಕೊಂಡಿರ್ತದೆ. ಸರಾಸರಿ ಅದರ ಅರ್ಧದಷ್ಟು ಕಡಿಮೆ ಬರಬೇಕು. 132ಕ್ಕೆ ನೂರಕ್ಕೆ ನಾಲ್ಕು ಕಡಿಮೆ ಮಾಡಿದರೆ 127 ಆಯ್ತಲ್ಲ! 2003ರ ಫೆಬ್ರುವರಿ 22ರಂದು ಕೇಪ್‌ಟೌನ್‌ನಲ್ಲಿ ಶೋಯಬ್ ಅಖ್ತರ್ ಹಾಕಿದ ಎಸೆತದ 161.3 ಕಿ.ಮೀ. ಕೂಡ ಹೀಗೆ ಚೆಂಡು ಕೈಯಿಂದ ಹೊರಟಾಗಿನ ವೇಗವೇ.

ಆದರೆ ನಮ್ಮ 127ನ್ನು ಎಷ್ಟು ನಂಬಬೇಕು? ಚೆಂಡು ಕೈ ಬಿಟ್ಟ ಕ್ಷಣವೂ ಎರಡು ಫ್ರೇಮ್‌ಗಳ ನಡುವೆಯೇ ಇರ್ತದೆ, ಅಲ್ಲಿ ಅರ್ಧ ಫ್ರೇಮ್ ತಪ್ಪಬಹುದು. 0.366 ಸೆಕೆಂಡಿನಲ್ಲಿ 0.02 ಸೆಕೆಂಡ್ ಅಂದರೆ ನೂರಕ್ಕೆ ಐದೂವರೆ, ಗಂಟೆಗೆ 7 ಕಿ.ಮೀ. ಹಾಗಾಗಿ ‘120ರಿಂದ 134ರ ನಡುವೆ’ ಅಂತ ಬರೆಯುವುದು ಸರಿ. ‘126.9’ ಅಂತ ದಶಮಾಂಶ ಹಚ್ಚಿ ಬರೆದರೆ ಇಲ್ಲದ ನಿಖರತೆ ತೋರಿಸಿದಂತಾಗ್ತದೆ. ಸೆಕೆಂಡಿಗೆ 50 ಫ್ರೇಮಿನ ವಿಡಿಯೋ ಸಿಕ್ಕರೆ ಈ ತಪ್ಪು ಅರ್ಧಕ್ಕೆ ಇಳೀತದೆ.

ಸ್ವಿಂಗ್

ಇದು ನಮ್ಮ ಕ್ಯಾಮೆರಾ ಚೆನ್ನಾಗಿ ನೋಡುವ ಸಂಗತಿ. ಆದರೆ ಒಂದು ಎಚ್ಚರಿಕೆ. ಚೆಂಡು ಎಡದಿಂದ ಬಲಕ್ಕೆ ಬಂದ ಮಾತ್ರಕ್ಕೆ ಸ್ವಿಂಗ್ ಆಯಿತು ಅನ್ನಬಾರದು. ಬೌಲರ್ ಸ್ಟಂಪಿನ ಪಕ್ಕದಿಂದ ಓರೆಯಾಗಿ ಎಸೆದರೂ ಹಾಗೆ ಕಾಣ್ತದೆ. ಸ್ವಿಂಗ್ ಅಂದರೆ ಚೆಂಡು ಹೊರಟ ನೇರ ಗೆರೆಯಿಂದ ಎಷ್ಟು ಬಾಗಿತು ಅನ್ನೋದು.

ನಮ್ಮ ಬೌಲರ್ ಬಲಗೈಯವ, ಓವರ್ ದ ವಿಕೆಟ್ ಬೌಲಿಂಗ್. ಹಿಂದಿನಿಂದ ನೋಡಿದರೆ ಕೈ ಸ್ಟಂಪಿನ ಎಡಕ್ಕೆ. ನಡುಗೆರೆಯಿಂದ ಚೆಂಡು ಎಷ್ಟು ಪಿಕ್ಸೆಲ್ ಎಡಕ್ಕಿದೆ ಅಂತ ಮೂರು ಕಡೆ ಅಳೆದು, ಆಯಾ ಜಾಗದ ಮಾಪದಿಂದ ಗುಣಿಸೋಣ. ಹೊರಡುವಾಗ 56 × 0.896 = 50 ಸೆಂ.ಮೀ. ಅರ್ಧ ಸಮಯದಲ್ಲಿ, ಅಂದರೆ ನಾಲ್ಕನೇ ಮತ್ತು ಐದನೇ ಫ್ರೇಮಿನ ನಡುವೆ, 31 × 0.966 = 30 ಸೆಂ.ಮೀ. ಟಪ್ಪಾದಲ್ಲಿ 19 × 1.035 = 20 ಸೆಂ.ಮೀ.

ಚೆಂಡು ನೇರವಾಗಿ ಹೋಗಿದ್ದರೆ ಅರ್ಧ ಹಾದಿಯಲ್ಲಿ 50 ಮತ್ತು 20ರ ಸರಾಸರಿ 35 ಸೆಂ.ಮೀ. ಇರಬೇಕಿತ್ತು. ಇದ್ದದ್ದು 30. ಅಂತರ 5 ಸೆಂ.ಮೀ. ಇದನ್ನು ನಾಲ್ಕರಿಂದ ಗುಣಿಸಿದರೆ ಟಪ್ಪಾದವರೆಗಿನ ಒಟ್ಟು ಸ್ವಿಂಗ್ 20 ಸೆಂ.ಮೀ. ನಾಲ್ಕು ಯಾಕೆ? ಗಾಳಿ ಚೆಂಡನ್ನು ಪಕ್ಕಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಬಾಗುವಿಕೆ ಸಮಯದ ವರ್ಗಕ್ಕೆ ತಕ್ಕಂತೆ ಬೆಳೀತದೆ. ಕೊನೆಯಲ್ಲಿ 20 ಬಾಗಿದ್ದರೆ ಅರ್ಧ ಸಮಯದಲ್ಲಿ ಕಾಲು ಭಾಗ, 5 ಮಾತ್ರ ಬಾಗಿರ್ತದೆ. ತುದಿಗಳನ್ನು ಸೇರಿಸುವ ನೇರ ಗೆರೆ ಅಲ್ಲಿ 10 ಅನ್ನುತ್ತದೆ. ಆ 10 ಮತ್ತು 5ರ ಅಂತರವೇ ನಾವು ಅಳೆದ 5.

ಹಾಗಾಗಿ ಈ ಚೆಂಡು ಒಟ್ಟಾರೆ 30 ಸೆಂ.ಮೀ. ಬಲಕ್ಕೆ ಬಂದರೂ ಸ್ವಿಂಗ್ ಆದದ್ದು ಎಡಕ್ಕೆ! ಬಾಗದೇ ಇದ್ದಿದ್ದರೆ ಟಪ್ಪಾ ನಡುಗೆರೆಯ ಮೇಲೇ ಬೀಳ್ತಿತ್ತು. ಬಲಗೈ ಬ್ಯಾಟರ್‌ಗೆ ಪರದೆಯ ಎಡಭಾಗ ಆಫ್ ಸೈಡ್, ಆದ್ದರಿಂದ ಇದು ಔಟ್‌ಸ್ವಿಂಗರ್. ತಪ್ಪಿನ ಲೆಕ್ಕವೂ ನಾಲ್ಕು ಪಟ್ಟಾಗ್ತದೆ ಅನ್ನೋದನ್ನು ಮರೀಬೇಡಿ: ಒಂದು ಪಿಕ್ಸೆಲ್ ತಪ್ಪಿದರೆ ಸ್ವಿಂಗ್ 4 ಸೆಂ.ಮೀ. ತಪ್ಪುತ್ತದೆ.

ಪುಟಿದ ಎತ್ತರ: ಇಲ್ಲಿ ಸಿಕ್ಕಿಬೀಳ್ತೇವೆ

ಚೆಂಡು ಬ್ಯಾಟರ್‌ನ ಪ್ಯಾಡಿಗೆ ಬಡಿದಿದೆ, ಎಲ್‌ಬಿಡಬ್ಲ್ಯೂ ಮನವಿ ಆಗಿದೆ ಅಂತ ಕಲ್ಪಿಸಿಕೊಳ್ಳಿ. ಪ್ಯಾಡ್ ಇಲ್ಲದಿದ್ದರೆ ಇದು ಸ್ಟಂಪಿಗೆ ಬಡೀತಿತ್ತೇ, ಮೇಲಿಂದ ಹೋಗ್ತಿತ್ತೇ? ಇದನ್ನು ತಿಳಿಯಲು ಇದೇ ಹಾದಿಯಲ್ಲಿ ಅಡ್ಡಿಯಿಲ್ಲದೆ ಹೋದ ಚೆಂಡನ್ನು ಫ್ರೇಮ್ 14 ಮತ್ತು 15ರಲ್ಲಿ ನೋಡೋಣ. ದೂರದ ಸ್ಟಂಪಿನ ಬುಡದಿಂದ ಅದು 61 ಮತ್ತು 86 ಪಿಕ್ಸೆಲ್ ಮೇಲಿದೆ. ಸ್ಟಂಪಿನ ತುದಿ 71.1 ÷ 1.10, ಅಂದರೆ 65 ಪಿಕ್ಸೆಲ್ ಮೇಲೆ.

ಚೆಂಡು ಸ್ಟಂಪಿನ ಸಾಲನ್ನು ದಾಟಿದ ಕ್ಷಣ ಯಾವುದು? ಇಲ್ಲಿ ಅದು ಏನನ್ನೂ ಮುಟ್ಟಿಲ್ಲ, ಆದ್ದರಿಂದ ನೇರವಾಗಿ ಗೊತ್ತಾಗೋದಿಲ್ಲ. ಟಪ್ಪಾ ಬಿದ್ದ ಮೇಲೆ ಚೆಂಡು ಇನ್ನಷ್ಟು ವೇಗ ಕಳಕೊಳ್ತದೆ. ಅದು ಸೆಕೆಂಡಿಗೆ 27ರಿಂದ 31 ಮೀಟರ್ ಅಂತ ಹಿಡಿದರೆ 5.9 ಮೀಟರ್ ಸಾಗಲು 0.19ರಿಂದ 0.22 ಸೆಕೆಂಡ್ ಬೇಕು, ಅಂದರೆ ದಾಟಿದ್ದು ಫ್ರೇಮ್ 13.9 ಮತ್ತು 14.6ರ ನಡುವೆ. ಮೊದಲನೆಯದಾದರೆ ಚೆಂಡಿನ ಎತ್ತರ 64 ಸೆಂ.ಮೀ., ಎರಡನೆಯದಾದರೆ 84 ಸೆಂ.ಮೀ. ಸ್ಟಂಪಿನ ಎತ್ತರ 71.1. ಒಂದು ಉತ್ತರದಲ್ಲಿ ಬೇಲ್ ಹಾರ್ತದೆ, ಇನ್ನೊಂದರಲ್ಲಿ ಹಾರೋದಿಲ್ಲ! ಒಂದೇ ಕ್ಯಾಮೆರಾ ಇಟ್ಟುಕೊಂಡು ಈ ಬ್ಯಾಟರ್ ಔಟ್ ಅಂತಲೂ ಹೇಳಲಾಗದು, ನಾಟ್ ಔಟ್ ಅಂತಲೂ ಹೇಳಲಾಗದು.

ಕಾರಣ ಕ್ಯಾಮೆರಾದ ಎತ್ತರ. ಅದು ಮೇಲಿನಿಂದ ಓರೆಯಾಗಿ ನೋಡುವುದರಿಂದ ‘ಮುಂದೆ ಹೋಗುವುದು’ ಮತ್ತು ‘ಮೇಲೇರುವುದು’ ಎರಡೂ ಪರದೆಯಲ್ಲಿ ಮೇಲಕ್ಕೇ ಕಾಣ್ತವೆ. ನಮ್ಮ ವಿಡಿಯೋದ ದೂರದ ತುದಿಯಲ್ಲಿ ನೆಲದ ಮೇಲಿನ ಒಂದು ಮೀಟರ್ ಪರದೆಯಲ್ಲಿ 14 ಪಿಕ್ಸೆಲ್. ಅದು 16 ಸೆಂ.ಮೀ. ಎತ್ತರಕ್ಕೆ ಸಮ. ದೂರದಲ್ಲಿ ಒಂದು ಮೀಟರ್ ತಪ್ಪಿದರೆ ಎತ್ತರದಲ್ಲಿ ಒಂದು ಗೇಣಿನಷ್ಟು ತಪ್ಪುತ್ತೇವೆ.

ಹಾಕ್-ಐ ಇದನ್ನು ಹೇಗೆ ಬಿಡಿಸ್ತದೆ?

ಎರಡನೇ ಕಣ್ಣು ತೆರೆದು. ಒಂದು ಕ್ಯಾಮೆರಾ ಚೆಂಡು ಯಾವ ರೇಖೆಯ ಮೇಲಿದೆ ಅಂತ ಹೇಳ್ತದೆ, ಆ ರೇಖೆಯಲ್ಲಿ ಎಲ್ಲಿ ಅಂತ ಹೇಳೋದಿಲ್ಲ. ಬೇರೆ ಜಾಗದ ಇನ್ನೊಂದು ಕ್ಯಾಮೆರಾ ಅದೇ ಕ್ಷಣದಲ್ಲಿ ಇನ್ನೊಂದು ರೇಖೆ ಕೊಡ್ತದೆ. ಎರಡು ರೇಖೆ ಸೇರುವ ಬಿಂದುವೇ ಚೆಂಡು. ಇಂಗ್ಲೆಂಡಿನ ಪಾಲ್ ಹಾಕಿನ್ಸ್ ಅಭಿವೃದ್ಧಿಪಡಿಸಿದ ಹಾಕ್-ಐ ಮೈದಾನದ ಸುತ್ತ ಹಲವು ಕ್ಯಾಮೆರಾ ಇಟ್ಟು ಇದನ್ನೇ ಮಾಡ್ತದೆ. ಅದು ಮೊದಲು ಟಿವಿಯಲ್ಲಿ ಬಂದದ್ದು 2001ರ ಮೇ ತಿಂಗಳಲ್ಲಿ, ಲಾರ್ಡ್ಸ್‌ನ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟಿನಲ್ಲಿ. ಚೆಂಡಿನ ಹಾದಿಯ ಲೆಕ್ಕವನ್ನು ಬಹುಕಾಲ ಒಪ್ಪದಿದ್ದ ಭಾರತ 2016ರ ನವೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧದ ಸರಣಿಯಲ್ಲಿ, ರಾಜ್‌ಕೋಟ್ ಟೆಸ್ಟಿನಿಂದ, ಡಿಆರ್‌ಎಸ್ ಬಳಸಿತು.

ಅಷ್ಟಾದರೂ ಪ್ಯಾಡಿಗೆ ಬಡಿದ ನಂತರದ ಹಾದಿಯನ್ನು ಯಾವ ಕ್ಯಾಮೆರಾವೂ ನೋಡಿರೋದಿಲ್ಲ. ಅದು ಲೆಕ್ಕದಿಂದ ಮುಂದುವರಿಸಿದ ಗೆರೆ. ಚೆಂಡು ಸ್ಟಂಪಿನ ಅಂಚಿಗಷ್ಟೇ ತಾಗುವಂತಿದ್ದರೆ ‘ಅಂಪೈರ್ಸ್ ಕಾಲ್’ ಅಂತ ಮೈದಾನದ ತೀರ್ಪನ್ನೇ ಉಳಿಸುವುದು ಇದಕ್ಕೇ. ನಾವು 120ರಿಂದ 134 ಅಂತ ಬರೆದೆವಲ್ಲ, ಅದೇ ಮಾತು ಅಲ್ಲಿ ನಿಯಮವಾಗಿದೆ.

ನೀವೇ ಮಾಡಿ ನೋಡ್ರಿ

1. ನಮ್ಮ ವಿಡಿಯೋದಲ್ಲೇ ಇನ್ನೊಂದು ಚೆಂಡು ಪರದೆಯ 180 ಪಿಕ್ಸೆಲ್ ಎತ್ತರದಲ್ಲಿ ಟಪ್ಪಾ ಬಿತ್ತು. ಅದು ಪಿಚ್ಚಿನ ಸರಿಅರ್ಧಕ್ಕೆ ಬಿತ್ತೇ? (ಉತ್ತರ: ಇಲ್ಲ. ಬೌಲರ್ ಸ್ಟಂಪಿನಿಂದ 8.9 ಮೀಟರ್, ಅರ್ಧಕ್ಕಿಂತ ಮೀಟರಿನಷ್ಟು ಹಿಂದೆ.)

2. 1996ರ ಮಾರ್ಚ್ 9ರಂದು ಬೆಂಗಳೂರಿನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲ್‌ರನ್ನು ಬೌಲ್ಡ್ ಮಾಡಿದ ಎಸೆತದ ವಿಡಿಯೋ ಹುಡುಕಿ. ಅಂಥ ಬೌಲ್ಡ್ ಎಸೆತ ನಮ್ಮ ಲೆಕ್ಕಕ್ಕೆ ಯಾಕೆ ಹೆಚ್ಚು ಅನುಕೂಲ? (ಸುಳಿವು: ಚೆಂಡು ಎಷ್ಟು ಕಡೆ ಏನನ್ನಾದರೂ ಮುಟ್ಟಿದೆ ಅಂತ ಎಣಿಸಿ. ಮರುಪ್ರಸಾರ ಬಿಟ್ಟು ಮೊದಲ ಚಿತ್ರಣವನ್ನೇ ಬಳಸಿ.)

3. ಶಾಲೆಯ ಮೈದಾನದಲ್ಲಿ 20.12 ಮೀಟರ್ ಅಳೆದು, ಎರಡೂ ತುದಿಗೆ ಸುಣ್ಣದಿಂದ 2.64 ಮೀಟರ್ ಗೆರೆ ಎಳೆಯಿರಿ. ಬೌಲರ್ ಹಿಂದೆ ಮಹಡಿಯ ಮೇಲೆ ಒಂದು ಮೊಬೈಲ್, ಪಿಚ್ಚಿನ ಪಕ್ಕದಲ್ಲಿ ದೂರಕ್ಕೆ ಇನ್ನೊಂದು ಮೊಬೈಲ್ ಇಡಿ. ಟೆನಿಸ್ ಚೆಂಡಿನಿಂದ ಹತ್ತು ಎಸೆತ ಹಾಕಿ. ಟಪ್ಪಾದ ಜಾಗವನ್ನು ಹಿಂದಿನ ಮೊಬೈಲಿನ ಲೆಕ್ಕದಿಂದ ತೆಗೆದು, ನೆಲದ ಮೇಲೆ ಟೇಪಿನಿಂದಲೂ ಅಳೆಯಿರಿ. ಪುಟಿದ ಎತ್ತರವನ್ನು ಎರಡೂ ಮೊಬೈಲುಗಳಿಂದ ತೆಗೆದು ಹೋಲಿಸಿ. ಯಾವುದರಲ್ಲಿ ವ್ಯತ್ಯಾಸ ಹೆಚ್ಚು ಬಂತು, ಯಾಕೆ ಅಂತ ವಹಿಯಲ್ಲಿ ಬರೆಯಿರಿ.